ಒಂದನೇ ರಿವ್ಯೂವರ್ ಟೇಬಲ್ ನೋಡಿರಲಿಲ್ಲ

ಮೇ ತಿಂಗಳ ಒಂದು ಶುಕ್ರವಾರ ಸಂಜೆ, ನಮ್ಮ ಸಂಶೋಧನಾ ಪೇಪರ್ ಕಳಿಸಿದ್ದ ಜರ್ನಲ್‌ನಿಂದ ಮೇಲ್ ಬಂತು. ಪ್ರಕಟಿಸುವ ಮುಂಚೆ ಪೇಪರ್ ಓದಿ ಅಭಿಪ್ರಾಯ ಹೇಳುವ ಇಬ್ಬರು ರಿವ್ಯೂವರ್‌ಗಳ ವರದಿ ಅದರಲ್ಲಿತ್ತು. ನಾನು ಮನೆಗೆ ಹೋಗುವ ಬಸ್ಸಿನಲ್ಲಿದ್ದೆ. 'ಮೇಜರ್ ರಿವಿಷನ್', ಅಂದರೆ ದೊಡ್ಡ ತಿದ್ದುಪಡಿ ಬೇಕು ಅನ್ನೋದು ಕಣ್ಣಿಗೆ ಬಿತ್ತು. ಸದ್ಯ, ತಿರಸ್ಕಾರ ಅಲ್ಲವಲ್ಲ ಅಂತ ಸಮಾಧಾನವಾಯಿತು. ಮನೆ ತಲುಪುವ ಮೊದಲೇ ನನ್ನ ವಿದ್ಯಾರ್ಥಿನಿ ಫೋನ್ ಮಾಡಿದಳು. "ಮೇಡಂ, ಒಂದನೇ ರಿವ್ಯೂವರ್ ತುಂಬಾ ಒಳ್ಳೆಯವರು. ಒಂದೂವರೆ ಪುಟ ಬರೆದಿದ್ದಾರೆ!" ಎರಡನೆಯವರು ಅರ್ಧ ಪುಟವೂ ಬರೆದಿರಲಿಲ್ಲ. ಅವರ ಧಾಟಿಯೂ ಸ್ವಲ್ಪ ಬಿರುಸು. ಅವಳಿಗೆ ಅವರ ಮೇಲೆ ಸಿಟ್ಟು ಬಂದಿತ್ತು.

ಪೇಪರ್ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಪಾವಗಡದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಅಲ್ಲಿ ಎಷ್ಟೋ ಬೋರ್‌ವೆಲ್‌ಗಳು ಅದನ್ನು ದಾಟಿವೆ. ನಾವು 48 ಬೋರ್‌ವೆಲ್‌ಗಳ ನೀರನ್ನು ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ತಂದು ಪರೀಕ್ಷೆ ಮಾಡಿದ್ದೆವು. ಮಳೆ ನೀರು ಇಳಿದರೆ ಫ್ಲೋರೈಡ್ ತೆಳುವಾಗಬೇಕು, ಅಲ್ವಾ? ಜಾಸ್ತಿ ಬಾವಿಗಳಲ್ಲಿ ಹಾಗೇ ಆಗಿತ್ತು. ಆದರೆ 9 ಬಾವಿಗಳಲ್ಲಿ ಮಳೆಯಾದ ಮೇಲೆ ಫ್ಲೋರೈಡ್ ಏರಿತ್ತು. ಅವುಗಳಲ್ಲಿ ಕ್ಯಾಲ್ಸಿಯಂ ಕಡಿಮೆ ಇತ್ತು. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡ್ ಜೊತೆ ಸೇರಿ ಗಟ್ಟಿಯಾಗಿ ಕೆಳಗೆ ಕೂರುತ್ತದೆ. ಕ್ಯಾಲ್ಸಿಯಂ ಇಲ್ಲದಿದ್ದರೆ ಫ್ಲೋರೈಡ್ ನೀರಿನಲ್ಲೇ ಉಳಿಯುತ್ತದೆ. ಮೇಲಿನ ಮಣ್ಣಿನಿಂದ ಮಳೆ ತೊಳೆದು ತಂದ ಫ್ಲೋರೈಡೂ ಅದಕ್ಕೆ ಸೇರಿಕೊಳ್ಳುತ್ತದೆ. ನಮ್ಮ ಪೇಪರಿನ ಜೀವಾಳ ಈ ಒಂಬತ್ತು ಬಾವಿಗಳೇ.

ರಾತ್ರಿ ಊಟ ಮುಗಿಸಿ ಒಂದನೇ ವರದಿ ಓದಿದೆ. ಇಂಗ್ಲಿಷ್ ಚೆನ್ನಾಗಿತ್ತು. ಮೊದಲು ಹೊಗಳಿಕೆ, ಆಮೇಲೆ ಒಂಬತ್ತು ಸಲಹೆಗಳು. ಪ್ರತಿ ಸಲಹೆಗೂ ದಪ್ಪಕ್ಷರದ ತಲೆಬರಹ, ಅದರ ಕೆಳಗೆ ಎರಡು ಮೂರು ಸಾಲು. ಕೊನೆಗೆ ಮತ್ತೆ ಹೊಗಳಿಕೆ. ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು: "ಮಹತ್ವದ ಮತ್ತು ಸಕಾಲಿಕ ವಿಷಯವನ್ನು ಲೇಖಕರು ಎತ್ತಿಕೊಂಡಿದ್ದಾರೆ. ವಿಧಾನ ಅಚ್ಚುಕಟ್ಟಾಗಿದೆ. ಕೋಷ್ಟಕಗಳಲ್ಲಿ ಮಾಹಿತಿ ಸ್ಪಷ್ಟವಾಗಿದೆ." ಆಮೇಲೆ: "ಮಾದರಿಗಳ ಸಂಖ್ಯೆಯನ್ನು ಇನ್ನಷ್ಟು ಸಮರ್ಥಿಸಿಕೊಳ್ಳಬಹುದು. ಅಂಕಿಅಂಶದ ವಿಶ್ಲೇಷಣೆಯನ್ನು ಬಲಪಡಿಸಬಹುದು. ಇತ್ತೀಚಿನ ಸಾಹಿತ್ಯವನ್ನು ಸೇರಿಸಿಕೊಳ್ಳಬಹುದು. ಅಧ್ಯಯನದ ಮಿತಿಗಳನ್ನು ಚರ್ಚಿಸಬಹುದು."

ಓದುವಾಗ ಬೇಜಾರೇನೂ ಆಗಲಿಲ್ಲ. ಓದಿ ಮುಗಿಸಿದ ಮೇಲೆ ಒಂದು ಸಾಲೂ ನೆನಪಿರಲಿಲ್ಲ. ಆಗಲೇ ಸ್ವಲ್ಪ ಅನುಮಾನ ಬಂದಿತ್ತು. ಆದರೆ ನಿದ್ದೆಗಣ್ಣಿನಲ್ಲಿ ಓದಿದ್ದೇನೆ, ಅದಕ್ಕೇ ಇರಬೇಕು ಅಂದುಕೊಂಡು ಮಲಗಿದೆ.

ಸೋಮವಾರ ಹೋಗಿ ನೋಡಿದರೆ ವಿದ್ಯಾರ್ಥಿನಿ ಆಗಲೇ ಕೆಲಸ ಶುರು ಮಾಡಿಬಿಟ್ಟಿದ್ದಾಳೆ. ಪೀಠಿಕೆಗೆ ಹದಿನಾಲ್ಕು ಹೊಸ ಉಲ್ಲೇಖ ತುರುಕಿದ್ದಳು. 48 ಬಾವಿ ಯಾಕೆ ಸಾಕು ಅಂತ ಒಂದು ಪುಟ ಬರೆದಿದ್ದಳು. 'ವಿಶ್ಲೇಷಣೆ ಬಲಪಡಿಸಬಹುದು' ಅನ್ನೋದಕ್ಕೆ ಏನು ಮಾಡಬೇಕು ಅಂತ ತಿಳಿಯದೆ, ಇಂಟರ್ನೆಟ್‌ನಲ್ಲಿ ಸಿಕ್ಕ ಮೂರು ಪರೀಕ್ಷೆಗಳನ್ನು ಸುಮ್ನೆ ಹಾಕಿ ನೋಡುತ್ತಿದ್ದಳು. "ಯಾವ ಲೆಕ್ಕ ಸಾಲದು ಅಂತ ಅವರು ಹೇಳಿದ್ದಾರಮ್ಮಾ?" ಅಂತ ಕೇಳಿದೆ. ಅವಳು ವರದಿ ತೆಗೆದು ಮತ್ತೆ ಓದಿದಳು. ಇನ್ನೊಮ್ಮೆ ಓದಿದಳು. "ಹೇಳಿಲ್ಲ ಮೇಡಂ."

ಮಸುಕಾದ ಟೀಕೆಯ ದೊಡ್ಡ ತೊಂದರೆ ಇದೇ. ತಪ್ಪು ಟೀಕೆ ಬಂದರೆ 'ಇದು ತಪ್ಪು, ಕಾರಣ ಇಂಥದ್ದು' ಅಂತ ಉತ್ತರ ಕೊಡಬಹುದು. ಮಸುಕಾದದ್ದಕ್ಕೆ ಉತ್ತರವೇ ಇಲ್ಲ. ಎಷ್ಟು ಮಾಡಿದರೂ ಮುಗಿದಂತೆ ಆಗುವುದಿಲ್ಲ. ಇನ್ನೂ ಅನುಭವವಿಲ್ಲದ ಹುಡುಗಿ ತನ್ನದೇ ತಪ್ಪು ಅಂದುಕೊಂಡು ಎಲ್ಲ ಕಡೆ ತೇಪೆ ಹಾಕಲು ಹೊರಡುತ್ತಾಳೆ.

ಅವತ್ತು ಎರಡೂ ವರದಿಗಳನ್ನು ಪ್ರಿಂಟ್ ತೆಗೆದೆವು. ಹಳದಿ ಹೈಲೈಟರ್ ಅವಳ ಕೈಗೆ ಕೊಟ್ಟೆ. "ಅಬ್‌ಸ್ಟ್ರಾಕ್ಟ್ ದಾಟಿ ಒಳಗೆ ಓದಿದವರು ಮಾತ್ರ ಬರೆಯಬಹುದಾದ ವಾಕ್ಯಕ್ಕೆ ಬಣ್ಣ ಹಚ್ಚು" ಅಂದೆ. ಒಂದನೇ ವರದಿಯಲ್ಲಿ 38 ವಾಕ್ಯಗಳಿದ್ದವು. ಬಣ್ಣ ಬಿದ್ದದ್ದು ಒಂದಕ್ಕೂ ಇಲ್ಲ. '48 ಬಾವಿ' ಅಂತ ಒಂದು ಕಡೆ ಇತ್ತು, 'ಎರಡು ಋತು' ಅಂತ ಇನ್ನೊಂದು ಕಡೆ. ಎರಡೂ ಪೇಪರಿನ ಮೊದಲಲ್ಲಿ ಬರುವ ಸಾರಾಂಶದಲ್ಲೇ, ಅಂದರೆ ಅಬ್‌ಸ್ಟ್ರಾಕ್ಟ್‌ನಲ್ಲೇ ಇದ್ದವು. ಎರಡನೇ ವರದಿಯಲ್ಲಿ ಇದ್ದದ್ದು 11 ವಾಕ್ಯ. ಅದರಲ್ಲಿ ಒಂಬತ್ತು ಹಳದಿಯಾದವು.

ಆಗ ಅವಳು ಎರಡನೇ ವರದಿಯನ್ನು ಮೊದಲ ಸಲ ಸರಿಯಾಗಿ ಓದಿದಳು ಅಂತ ಕಾಣುತ್ತದೆ. ಅದರ ಮೊದಲ ಪ್ರಶ್ನೆ: "ಎರಡನೇ ಟೇಬಲ್‌ನಲ್ಲಿ 31ನೇ ಬಾವಿಯ ಫ್ಲೋರೈಡ್ 24 ಅಂತಿದೆ. ನಿಜವಾಗಿದ್ದರೆ ಪೇಪರಿನ ಶೀರ್ಷಿಕೆಯೇ ಅದಾಗಬೇಕಿತ್ತು. ಟೈಪಿಂಗ್ ತಪ್ಪಾದರೆ ಸರಿಪಡಿಸಿ." ನನಗೆ ಮುಖ ಬಿಸಿಯಾಯಿತು. ಅದು 2.4. ಚುಕ್ಕೆ ಬಿಟ್ಟುಹೋಗಿತ್ತು. ನಾನೂ ನೋಡಿರಲಿಲ್ಲ, ಅವಳೂ ನೋಡಿರಲಿಲ್ಲ. ಲೀಟರಿಗೆ 24 ಮಿಲಿಗ್ರಾಂ ಫ್ಲೋರೈಡ್ ಅಂದರೆ ಈ ವಿಷಯ ಬಲ್ಲ ಯಾರೇ ಆದರೂ ಕುರ್ಚಿಯಿಂದ ಎದ್ದುಬಿಡುತ್ತಾರೆ. ಒಂದನೇ ರಿವ್ಯೂವರ್ ಮಾತ್ರ ಅದೇ ಟೇಬಲ್ ಬಗ್ಗೆ 'ಮಾಹಿತಿ ಸ್ಪಷ್ಟವಾಗಿದೆ' ಅಂತ ಬರೆದಿದ್ದರು.

ಹೊಗಳಿಕೆಯನ್ನೂ ಪರೀಕ್ಷೆ ಮಾಡಬಹುದು ಅಂತ ನನಗೆ ಹೊಳೆದದ್ದು ಆಗ. ನಾವು ಸಾಮಾನ್ಯವಾಗಿ ಟೀಕೆಯನ್ನಷ್ಟೇ ತೂಗಿ ನೋಡುತ್ತೇವೆ. ಹೊಗಳಿದ್ದನ್ನು ಖುಷಿಯಾಗಿ ಜೇಬಿಗಿಳಿಸುತ್ತೇವೆ. ತಪ್ಪಿರುವ ಜಾಗವನ್ನೇ ಹೊಗಳಿದ್ದರೆ ಆ ಜಾಗವನ್ನು ಅವರು ನೋಡಿಯೇ ಇಲ್ಲ ಅಂತ ತಾನೆ?

ಇನ್ನೊಂದು ಸುಳಿವು ಇದಕ್ಕಿಂತ ಬಲವಾಗಿತ್ತು. ಒಂದನೇ ವರದಿಯ ಆರನೇ ಸಲಹೆಯಲ್ಲಿ "ಮಳೆಯ ನಂತರ ದುರ್ಬಲೀಕರಣದಿಂದ ಫ್ಲೋರೈಡ್ ಇಳಿದಿರುವುದನ್ನು ಇನ್ನಷ್ಟು ವಿವರಿಸಬಹುದು" ಅಂತಿತ್ತು. ನಾವು ಒಂದಿಡೀ ಭಾಗ ಬರೆದದ್ದು ಫ್ಲೋರೈಡ್ ಯಾಕೆ ಏರಿತು ಅನ್ನೋದರ ಬಗ್ಗೆ! ಇಂಥ ವಿಷಯದ ನೂರು ಪೇಪರ್ ತೆಗೆದರೆ ಬಹಳಷ್ಟರಲ್ಲಿ ಮಳೆಯಾದ ಮೇಲೆ ಫ್ಲೋರೈಡ್ ಇಳಿದಿರುತ್ತದೆ. ವರದಿ ಬರೆದದ್ದು ಆ ನೂರರ ಬಗ್ಗೆ. ನಮ್ಮದರ ಬಗ್ಗೆ ಅಲ್ಲ. ಇದನ್ನು ಚಾಟ್‌ಜಿಪಿಟಿಯಂಥ ಮೆಷಿನ್ ಬರೆದಿರಬೇಕು ಅನ್ನೋ ಅನುಮಾನ ನನಗೆ ಬಂದದ್ದು ಹೀಗೆ.

ಸಂಜೆ ರೇಷ್ಮೆ ವಿಭಾಗದ ಸಹೋದ್ಯೋಗಿಯೊಬ್ಬರು ಕಾಫಿಗೆ ಬಂದರು. ಅವರ ಕೈಗೆ ವರದಿ ಕೊಟ್ಟು, "ಸರ್, 'ಅಂತರ್ಜಲ' ಅಂತ ಇರೋ ಕಡೆ 'ಹಿಪ್ಪುನೇರಳೆ ಎಲೆ' ಅಂತ ಸೇರಿಸಿಕೊಂಡು ಓದಿ" ಅಂದೆ. ಅವರು ಗಟ್ಟಿಯಾಗಿ ಓದುತ್ತಾ ಹೋದರು. ಐದನೇ ಸಲಹೆ ತನಕ ಎಲ್ಲೂ ಎಡವಲಿಲ್ಲ. "ಅರೆ, ಇದು ನನ್ನ ಹೋದ ವರ್ಷದ ಪೇಪರಿಗೆ ಸರಿಯಾಗಿ ಹೊಂದುತ್ತಲ್ರೀ. ಮಿತಿಗಳನ್ನು ನಾನೂ ಚರ್ಚಿಸಿರಲಿಲ್ಲ" ಅಂತ ನಕ್ಕರು. ಆರನೆಯದು ಮಾತ್ರ ತಮಾಷೆಯಾಗಿ ಕೇಳಿಸಿತು. ಹಿಪ್ಪುನೇರಳೆ ಎಲೆಯಲ್ಲಿ ಫ್ಲೋರೈಡ್ ಇಳಿಯಿತಂತೆ!

ಆದರೆ ಅವರು ಒಂದು ನ್ಯಾಯದ ಮಾತೂ ಎತ್ತಿದರು. "ಮೇಡಂ, ಓದದೇ ಬರೆಯೋ ರಿವ್ಯೂವರ್‌ಗಳು ಮೊದಲಿಂದಲೂ ಇದ್ದರಲ್ಲ. ಇದು ಮೆಷಿನ್ ಬರೆದದ್ದೇ ಅಂತ ಹೇಗೆ ಹೇಳ್ತೀರಿ?" ನಿಜ. ಇಪ್ಪತ್ತು ವರ್ಷದಲ್ಲಿ ನನಗೂ ಅಂಥವು ಬಂದಿವೆ. ಆದರೆ ಮನುಷ್ಯರ ಸೋಮಾರಿ ವರದಿ ಗಿಡ್ಡಗಿರುತ್ತದೆ. 'ಇಂಗ್ಲಿಷ್ ಸುಧಾರಿಸಿ, ಈ ಮೂರು ಪೇಪರ್ ಉಲ್ಲೇಖಿಸಿ' ಅಂತ ಮೂರು ಸಾಲು. ಆ ಮೂರೂ ಪೇಪರ್ ಅವರದ್ದೇ ಆಗಿರುತ್ತವೆ. ಸೋಮಾರಿಯಾದವರು ಒಂದೂವರೆ ಪುಟ ಬರೆಯುವುದಿಲ್ಲ. ಮನಸ್ಸಿಟ್ಟು ಬರೆದವರ ವರದಿ ಒಂದೇ ಅಳತೆಯಲ್ಲಿ ಇರುವುದಿಲ್ಲ. ಕೆಣಕಿದ ಜಾಗದಲ್ಲಿ ಹತ್ತು ಸಾಲು ಬರೆಯುತ್ತಾರೆ, ಉಳಿದದ್ದನ್ನು ಒಂದು ಮಾತಿನಲ್ಲಿ ದಾಟಿಸುತ್ತಾರೆ. ಇಲ್ಲಿ ಒಂಬತ್ತೂ ಸಲಹೆಗಳು ಅಚ್ಚಿನಲ್ಲಿ ತೆಗೆದ ಇಟ್ಟಿಗೆಗಳ ಹಾಗೆ ಇದ್ದವು. ಇದೆಲ್ಲ ಅನುಮಾನಕ್ಕೆ ಸಾಕು, ಸಾಬೀತು ಮಾಡುವುದಕ್ಕೆ ಸಾಲದು. ಅದನ್ನು ಒಪ್ಪಿಕೊಂಡೆ.

ಕೆಲವೊಮ್ಮೆ ಸಾಬೀತು ತಾನಾಗಿಯೇ ಸಿಗುವುದುಂಟು. 2023ರಲ್ಲಿ ಆಸ್ಟ್ರೇಲಿಯಾದಲ್ಲಿ ಸಂಶೋಧನಾ ಅನುದಾನಕ್ಕೆ ಅರ್ಜಿ ಹಾಕಿದವರಿಗೆ ಬಂದ ವರದಿಯಲ್ಲಿ Regenerate response ಅನ್ನೋ ಪದಗಳು ಹಾಗೇ ಉಳಿದಿದ್ದವು. ಅದು ಚಾಟ್‌ಜಿಪಿಟಿಯ ಪರದೆಯ ಮೇಲಿದ್ದ ಬಟನ್ನಿನ ಹೆಸರು. ಕಾಪಿ ಮಾಡಿದವರು ಅದನ್ನೂ ಸೇರಿಸಿಕೊಂಡು ಕಾಪಿ ಮಾಡಿದ್ದರು. ನಮಗೆ ಅಂಥ ಅದೃಷ್ಟ ಇರಲಿಲ್ಲ.

ವಿದ್ಯಾರ್ಥಿನಿ ಒಂದು ಪತ್ತೆ ಸಾಫ್ಟ್‌ವೇರಿಗೆ ವರದಿ ಹಾಕಿ, ಬಂದ ಪರ್ಸೆಂಟೇಜನ್ನು ಎಡಿಟರ್‌ಗೆ ಕಳಿಸೋಣ ಅಂದಳು. ನಾನು ಬೇಡ ಅಂದೆ. 2023ರಲ್ಲೇ ಸ್ಟ್ಯಾನ್‌ಫರ್ಡ್‌ನವರು ಅಂಥ ಏಳು ಸಾಫ್ಟ್‌ವೇರ್‌ಗಳನ್ನು ಪರೀಕ್ಷಿಸಿದ್ದರು. ಇಂಗ್ಲಿಷ್ ತಾಯ್ನುಡಿ ಅಲ್ಲದವರು ಸ್ವಂತ ಕೈಯಿಂದ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅವು ಮೆಷಿನ್ ಬರೆದದ್ದು ಅಂದಿದ್ದವು. ಅಂದರೆ ನನ್ನಂಥವಳು ಬರೆದದ್ದೇ ಸಿಕ್ಕಿಬೀಳಬಹುದು. ಇನ್ನೊಂದು ಮಾತು. ಆ ರಿವ್ಯೂವರ್ ಪೇಪರನ್ನು ಪೂರ್ತಿ ಓದಿ, ತಮ್ಮ ಒರಟು ಇಂಗ್ಲಿಷನ್ನು ಮೆಷಿನ್‌ನಿಂದ ತಿದ್ದಿಸಿಕೊಂಡಿರಬಹುದು ಅಂತಲೂ ಮೊದಲು ಅಂದುಕೊಂಡಿದ್ದೆ. ಹಾಗೆ ಮಾಡಿದ್ದರೆ ನನಗೇನೂ ಸಿಟ್ಟಿರಲಿಲ್ಲ. ಭಾಷೆ ಎಷ್ಟೇ ನಯವಾದರೂ 31ನೇ ಬಾವಿ ವರದಿಯಲ್ಲಿ ಉಳಿಯುತ್ತಿತ್ತು. ನಯ ಮಾಡಿಸಿದರೆ ವಿಷಯ ಮಾಯವಾಗುವುದಿಲ್ಲ. ಹಾಗಾಗಿ ಭಾಷೆಯ ತಂಟೆಗೆ ಹೋಗದೆ, ನಮ್ಮ ಫಲಿತಾಂಶವನ್ನು ಮುಟ್ಟಿದೆಯಾ ಇಲ್ಲವಾ ಅನ್ನೋದನ್ನಷ್ಟೇ ಹಿಡಿದೆವು.

ಈ ಅಳತೆಗೂ ಒಂದು ಮಿತಿ ಇದೆ. ಯಾರಾದರೂ ಪೂರ್ತಿ ಪಿಡಿಎಫನ್ನೇ ಚಾಟ್‌ಬಾಟ್‌ಗೆ ಕೊಟ್ಟರೆ, ಅದು ಟೇಬಲ್ ನಂಬರ್, ಬಾವಿ ನಂಬರ್ ಎಲ್ಲ ಸೇರಿಸಿ ಬರೆದುಕೊಡುತ್ತದೆ. ಆಗ ಹೈಲೈಟರ್ ಕೆಲಸಕ್ಕೆ ಬರುವುದಿಲ್ಲ. ಹೇಳಿದ ನಂಬರ್ ಸರಿಯಾ, ಕೇಳಿದ ಪ್ರಶ್ನೆಗೆ ಏನಾದರೂ ಲೆಕ್ಕ ಮಾಡಬೇಕಾಗುತ್ತದಾ ಅಂತ ಒಂದೊಂದಾಗಿ ನೋಡಬೇಕು. ನನಗೆ ಜಾಸ್ತಿ ಚಿಂತೆಯಾದದ್ದು ಬೇರೆ ವಿಷಯಕ್ಕೆ. ಪೇಪರಿನ ಜೊತೆ ನಾವು ರೈತರ ಬೋರ್‌ವೆಲ್‌ಗಳು ಎಲ್ಲಿವೆ ಅನ್ನೋ ಪಟ್ಟಿಯನ್ನೂ ಕಳಿಸಿದ್ದೆವು. ಪ್ರಕಟವಾಗದ ಹಸ್ತಪ್ರತಿಯನ್ನು ಇಂಥ ಕಡೆ ಹಾಕಬಾರದು ಅಂತ ದೊಡ್ಡ ಪ್ರಕಾಶಕರು ರಿವ್ಯೂವರ್‌ಗಳಿಗೆ ನಿಯಮ ಮಾಡಿದ್ದಾರೆ. ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 2023ರ ಜೂನ್‌ನಲ್ಲಿ ತನ್ನ ಅನುದಾನ ಪರಿಶೀಲನೆಯಲ್ಲಿ ಇದನ್ನು ನಿಷೇಧಿಸಿತು. ನಮ್ಮ ಜರ್ನಲ್‌ನ ಪುಟದಲ್ಲೂ ಆ ಸಾಲು ಇತ್ತು.

ಎಡಿಟರ್‌ಗೆ ಪತ್ರ ಬರೆಯಲು ಮೂರು ದಿನ ಹಿಡಿಯಿತು. ಮೊದಲ ಕರಡಿನಲ್ಲಿ 'ಈ ವರದಿ ಮೆಷಿನ್ ಬರೆದದ್ದು' ಅಂತಲೇ ಶುರು ಮಾಡಿದ್ದೆ. ಬೆಳಿಗ್ಗೆ ಓದಿದಾಗ ಜಗಳಕ್ಕೆ ಹೊರಟವಳ ಹಾಗೆ ಕಂಡಿತು. ಅಳಿಸಿದೆ. ಯಾರು ಬರೆದರು ಅಂತ ತೋರಿಸಲು ನನ್ನ ಹತ್ತಿರ ಆಧಾರ ಇಲ್ಲ. ಏನು ಬರೆದಿಲ್ಲ ಅಂತ ತೋರಿಸಲು ಇದೆ. ಕೊನೆಗೆ ಹೋದ ಪತ್ರದಲ್ಲಿ ಮೂರೇ ಸಂಗತಿ ಇದ್ದವು. ಎರಡನೇ ಟೇಬಲ್‌ನಲ್ಲಿ ನಮ್ಮದೇ ದೊಡ್ಡ ತಪ್ಪಿದೆ, ಆದರೂ ಒಂದನೇ ವರದಿ ಟೇಬಲ್ ಸ್ಪಷ್ಟವಾಗಿದೆ ಅನ್ನುತ್ತದೆ. ನಮ್ಮ ಮುಖ್ಯ ಫಲಿತಾಂಶವನ್ನು ಅದು ತಿರುಗುಮುರುಗಾಗಿ ಹೇಳಿದೆ. ಓದಿ ಅಂತ ಸೂಚಿಸಿದ ಮೂರು ಪೇಪರ್‌ಗಳಲ್ಲಿ ಒಂದು ಎಷ್ಟು ಹುಡುಕಿದರೂ ಸಿಗುವುದಿಲ್ಲ, ಅದಕ್ಕೆ ಕೊಟ್ಟ ಗುರುತು ಸಂಖ್ಯೆ, ಡಿಒಐ, ಬೇರೆ ಯಾವುದೋ ಲೇಖನಕ್ಕೆ ಹೋಗುತ್ತದೆ. ಇದು ನಿಮ್ಮ ಜರ್ನಲ್‌ನ ನಿಯಮಕ್ಕೆ ಹೊಂದುತ್ತದೆಯೇ ನೋಡಿ, ಸಾಧ್ಯವಾದರೆ ಇನ್ನೊಬ್ಬ ರಿವ್ಯೂವರ್‌ಗೆ ಕಳಿಸಿ ಅಂತ ಕೇಳಿದೆವು. ನಮ್ಮ ತಪ್ಪನ್ನು ನಾವೇ ಮೊದಲು ಹೇಳಿಕೊಂಡದ್ದು ಒಳ್ಳೆಯದಾಯಿತು ಅಂತ ಈಗಲೂ ಅನಿಸುತ್ತದೆ.

ಉತ್ತರ ಬರಲು ಮೂರು ವಾರ ಬೇಕಾಯಿತು. ಆ ಮೂರು ವಾರ ಎರಡನೇ ವರದಿಯ ಕೆಲಸ ಮಾಡಿದೆವು. ನಿಜವಾದ ಕಥೆ ಇಲ್ಲಿದೆ.

ಎರಡನೆಯವರ ನಾಲ್ಕನೇ ಪ್ರಶ್ನೆ ಒಂದೇ ಸಾಲು: "17ನೇ ಬಾವಿಯ ಅಯಾನ್ ಲೆಕ್ಕ ಕೂಡಿಬರುವುದಿಲ್ಲ, ಯಾಕೆ?" ಅಯಾನು ಅಂದರೆ ನೀರಿನಲ್ಲಿ ಕರಗಿದ, ವಿದ್ಯುದಾವೇಶ ಹೊತ್ತ ಕಣ. ನೀರಿನಲ್ಲಿ ಧನ ಅಯಾನುಗಳ ಒಟ್ಟು ಆವೇಶವೂ ಋಣ ಅಯಾನುಗಳ ಒಟ್ಟು ಆವೇಶವೂ ಸಮ ಇರಬೇಕು. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಶೇಕಡಾ 5ರ ಒಳಗೆ ಬರಬೇಕು ಅನ್ನೋದು ನಮ್ಮಲ್ಲಿ ರೂಢಿ. ನಾವು ಟೇಬಲ್‌ನಲ್ಲಿ ಎಲ್ಲ ಅಯಾನುಗಳನ್ನೂ ಕೊಟ್ಟಿದ್ದೆವು, ಈ ಲೆಕ್ಕ ಕೊಟ್ಟಿರಲಿಲ್ಲ. ಆ ಪುಣ್ಯಾತ್ಮರು ಕೂತು ತಾವೇ ಲೆಕ್ಕ ಹಾಕಿದ್ದರು. 48 ಬಾವಿ, ಎರಡು ಋತು, 96 ಸಾಲುಗಳಲ್ಲಿ ಒಂದೇ ಒಂದನ್ನು ಹಿಡಿದಿದ್ದರು. ನಾವು ಹಾಕಿ ನೋಡಿದೆವು. ಧನ 9.8, ಋಣ 12.3, ಆವೇಶವನ್ನು ಲೆಕ್ಕ ಹಾಕುವ ಮಿಲಿಈಕ್ವಿವಲೆಂಟ್ ಅಳತೆಯಲ್ಲಿ. ವ್ಯತ್ಯಾಸ 2.5, ಮೊತ್ತ 22.1. ಶೇಕಡಾ 11 ದಾಟಿತು. 17ನೆಯದು ನಮ್ಮ ಒಂಬತ್ತು ಬಾವಿಗಳಲ್ಲಿ ಒಂದು.

ಧನ ಅಯಾನು ಯಾವುದೋ ಕಡಿಮೆ ಬಂದಿದೆ ಅಂತಾಯಿತು. ಋಣ ಅಯಾನಾದ ಬೈಕಾರ್ಬನೇಟನ್ನು ನಾವು ನೀರು ಹಿಡಿದ ದಿನವೇ ಹಳ್ಳಿಯಲ್ಲಿ ಟೈಟ್ರೇಷನ್ ಮಾಡಿ ಅಳೆದಿದ್ದೆವು. ಧನ ಅಯಾನಾದ ಕ್ಯಾಲ್ಸಿಯಂ ಮಾತ್ರ ಲ್ಯಾಬಿಗೆ ತಂದ ಬಾಟಲಿಯಿಂದ ಕೆಲವು ದಿನ ಬಿಟ್ಟು ಅಳೆದದ್ದು. ವಿದ್ಯಾರ್ಥಿನಿ ಸ್ಟೋರಿನಿಂದ 17ನೇ ಬಾವಿಯ ಬಾಟಲಿ ಹುಡುಕಿ ತಂದಳು. ಕಿಟಕಿಯ ಬೆಳಕಿಗೆ ಹಿಡಿದಳು. ತಳದಲ್ಲಿ ತೆಳ್ಳಗೆ ಬಿಳಿ ಪೊರೆ. ಸೋಲಾರ್ ಹೀಟರಿನ ಪೈಪಿನಲ್ಲಿ ಕಟ್ಟಿಕೊಳ್ಳುತ್ತದಲ್ಲ, ಅದೇ ಸುಣ್ಣ. ಬಾಟಲಿಯಲ್ಲಿ ಇದ್ದಷ್ಟು ದಿನ ಕ್ಯಾಲ್ಸಿಯಂ ನೀರು ಬಿಟ್ಟು ತಳಕ್ಕೆ ಅಂಟಿಕೊಂಡಿತ್ತು. ನಾವು ಮೇಲಿನ ನೀರನ್ನಷ್ಟೇ ಅಳೆದು 'ಕ್ಯಾಲ್ಸಿಯಂ ಕಡಿಮೆ' ಅಂತ ಬರೆದಿದ್ದೆವು.

ಕಬ್ಬಿಣ ಅಳೆಯಲು ಅಂತ ಪ್ರತಿ ಬಾವಿಯಿಂದಲೂ ನೈಟ್ರಿಕ್ ಆಮ್ಲ ಹಾಕಿದ ಇನ್ನೊಂದು ಸಣ್ಣ ಬಾಟಲಿ ತಂದಿದ್ದೆವು. ಆಮ್ಲ ಇದ್ದರೆ ಸುಣ್ಣ ಕಟ್ಟುವುದಿಲ್ಲ. ಅದರಿಂದ ಅಳೆದಾಗ 17ನೇ ಬಾವಿಯ ಕ್ಯಾಲ್ಸಿಯಂ ಲೀಟರಿಗೆ 22 ಮಿಲಿಗ್ರಾಂ ಅಲ್ಲ, 66 ಅಂತ ಬಂತು. ಧನ ಅಯಾನು 12.0ಕ್ಕೆ ಏರಿತು, ಲೆಕ್ಕ ಕೂಡಿತು. ಉಳಿದ ಎಂಟನ್ನೂ ಹಾಗೇ ಅಳೆದೆವು. ಅವುಗಳಲ್ಲಿ ಕ್ಯಾಲ್ಸಿಯಂ ನಿಜವಾಗಿಯೂ ಕಡಿಮೆಯೇ ಇತ್ತು. 17ರಲ್ಲಿ ಮಾತ್ರ ಫ್ಲೋರೈಡ್ ಏರಿದ್ದಕ್ಕೆ ನಮ್ಮ ವಿವರಣೆ ನಿಲ್ಲುವುದಿಲ್ಲ. ಪೇಪರಿನಲ್ಲಿ ಹಾಗೆಂದೇ ಬರೆದೆವು.

ಎಡಿಟರ್ ಉತ್ತರ ಚಿಕ್ಕದಾಗಿತ್ತು. ಒಂದನೇ ರಿವ್ಯೂವರ್ ಬಗ್ಗೆ ಏನೂ ಹೇಳಲು ಬರುವುದಿಲ್ಲ, ಆದರೆ ಆ ವರದಿಗೆ ಅಂಶವಾರು ಉತ್ತರ ಕೊಡಬೇಕಿಲ್ಲ, ಪರಿಷ್ಕರಿಸಿದ ಪೇಪರನ್ನು ಹೊಸ ರಿವ್ಯೂವರ್ ಒಬ್ಬರಿಗೆ ಕಳಿಸುತ್ತೇವೆ ಅಂತ. ವರದಿ ಹೇಗೆ ಬರೆದದ್ದು ಅಂತ ಕೊನೆಗೂ ಗೊತ್ತಾಗಲಿಲ್ಲ. ಒಂದು ಸಲ ಮನಸ್ಸಿಗೆ ಬಂದದ್ದು ಇಷ್ಟು. ಮೆಷಿನ್ ಕಲಿಕೆಯ ಸಮ್ಮೇಳನಗಳ ರಿವ್ಯೂ ವರದಿಗಳನ್ನು 2024ರಲ್ಲಿ ಪರಿಶೀಲಿಸಿದ ಸಂಶೋಧಕರು, ಗಡುವು ಹತ್ತಿರ ಬಂದಾಗ ಸಲ್ಲಿಸಿದ ವರದಿಗಳಲ್ಲಿ ಮೆಷಿನ್ ಬರಹದ ಗುರುತು ಜಾಸ್ತಿ ಅಂತ ಕಂಡುಕೊಂಡಿದ್ದರು. ನಮ್ಮ ಒಂದನೇ ರಿವ್ಯೂವರ್ ಕೂಡ ನನ್ನ ಹಾಗೇ ಮೌಲ್ಯಮಾಪನ, ಕ್ಲಾಸು, ನ್ಯಾಕ್ ಮಾನ್ಯತೆಯ ಫೈಲುಗಳ ನಡುವೆ ಸಿಕ್ಕಿಕೊಂಡಿದ್ದರೋ ಏನೋ. ನನ್ನ ಹತ್ತಿರವೂ ಆಗ ನಾನು ರಿವ್ಯೂ ಮಾಡಬೇಕಿದ್ದ, ಗಡುವು ಮೀರಿದ ಎರಡು ಪೇಪರ್‌ಗಳು ಕೂತಿದ್ದವು. ಒಂದನ್ನು 'ಸಮಯವಿಲ್ಲ' ಅಂತ ವಾಪಸ್ ಕಳಿಸಿದೆ.

ವಿದ್ಯಾರ್ಥಿನಿ ಪೀಠಿಕೆಯಿಂದ ಆ ಹದಿನಾಲ್ಕು ಉಲ್ಲೇಖಗಳನ್ನು ತೆಗೆದಳು. ಅಕ್ಟೋಬರ್‌ನಲ್ಲಿ ಪೇಪರ್ ಒಪ್ಪಿಗೆಯಾಯಿತು. ಕೃತಜ್ಞತೆಯಲ್ಲಿ 'ಹೆಸರು ತಿಳಿಯದ ಎರಡನೇ ರಿವ್ಯೂವರ್‌ಗೆ' ಅಂತ ಅವಳೇ ಸೇರಿಸಿದ್ದಳು. ಈಗ ಲ್ಯಾಬಿಗೆ ಬರುವ ಪ್ರತಿ ಬಾಟಲಿಯನ್ನೂ ಮೊದಲು ಕಿಟಕಿಯ ಹತ್ತಿರ ಒಯ್ದು ತಳ ನೋಡುತ್ತಾಳೆ.